ಬಲಭುಜದ ನೆರಳು

ನವರಾತ್ರಿಯ ಹಿಂದಿನ ದಿನ ಅಟ್ಟದಿಂದ ಗೊಂಬೆಗಳ ಪೆಟ್ಟಿಗೆಯನ್ನು ಇಳಿಸುವಾಗ ಅದರ ಅಡಿಯಲ್ಲಿದ್ದ ಕಂದು ಲಕೋಟೆಗಳ ಕಟ್ಟೊಂದು ಜಾರಿ ನೆಲಕ್ಕೆ ಬಿತ್ತು. ರಜೆಗೆಂದು ಬೆಂಗಳೂರಿನಿಂದ ಅರಸೀಕೆರೆಗೆ ಬಂದಿದ್ದ ಒಂಬತ್ತು ವರ್ಷದ ಭೂಮಿ ಒಂದು ಲಕೋಟೆಯೊಳಗೆ ಕೈಹಾಕಿ, ಗಳಗಳ ಸದ್ದು ಮಾಡುವ ನೀಲಿಗಪ್ಪು ಹಾಳೆಯೊಂದನ್ನು ಎಳೆದಳು. ಆ ಹೊತ್ತಿಗೆ ಅವಳಿಗೆ ಪಟ್ಟದ ಗೊಂಬೆಗಳ ನೆನಪು ಹೋಯಿತು.

ಸರೋಜಮ್ಮ 1979ರಿಂದ 2016ರವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಎಕ್ಸ್‌ರೇ ತೆಗೆದವರು. ಹಳೆಯ ಫಿಲ್ಮುಗಳಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅವನ್ನು ತೂಕದ ಲೆಕ್ಕದಲ್ಲಿ ಹರಾಜು ಹಾಕುತ್ತಿದ್ದರು. ಹಾಗೆ ಹೊರಟ ರಾಶಿಯಿಂದ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ತೋರಿಸಲೆಂದು ವೈದ್ಯಾಧಿಕಾರಿಗಳ ಒಪ್ಪಿಗೆ ಪಡೆದು ಇಪ್ಪತ್ತು ಮೂವತ್ತು ಹಾಳೆಗಳನ್ನು ಅವರು ಉಳಿಸಿಕೊಂಡಿದ್ದರು. ಎಲ್ಲದರ ಮೇಲ್ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದ್ದರು.

"ಇಲ್ಲಿ ಯಾಕೆ ಕಟ್ ಆಗಿದೆ, ಅಜ್ಜಿ?"

"ಹೆಸರಿತ್ತು. ಅದು ನಮಗೆ ಬೇಡ."

ಭೂಮಿ ಹಾಳೆಯನ್ನು ಕಣ್ಣಿಗೆ ಹಿಡಿದು ಅಂಗಳದ ಸೂರ್ಯನತ್ತ ತಿರುಗಿದಾಗ ಸರೋಜಮ್ಮ ಗದರಿದರು. 1980ರ ಫೆಬ್ರವರಿಯ ಸೂರ್ಯಗ್ರಹಣದ ದಿನ ಅರ್ಧ ಊರು ಹಳೆಯ ಫಿಲ್ಮು ಕೇಳಿಕೊಂಡು ಡಾರ್ಕ್ ರೂಮಿನ ಬಾಗಿಲಿಗೆ ಬಂದಿದ್ದುದು, ಯಾರಿಗೂ ಕೊಡದೆ ಎಲ್ಲರ ನಿಷ್ಠುರ ಕಟ್ಟಿಕೊಂಡದ್ದು ಅವರಿಗೆ ನೆನಪಾಯಿತು. ಮೊಮ್ಮಗಳನ್ನು ಕರೆದುಕೊಂಡು ಹೋಗಿ ಅಡುಗೆಮನೆಯ ಮಬ್ಬು ಗಾಜಿನ ಕಿಟಕಿಗೆ ಹಾಳೆಯನ್ನು ಒತ್ತಿ ಹಿಡಿದರು. ಬೆಳಕು ಸಮನಾಗಿ ಹರಡಿ, ಒಂದು ಎದೆ ಎದ್ದು ಬಂತು.

"ಏನು ಕಾಣುತ್ತದೆ ಹೇಳು. ಗೊತ್ತಿರುವುದನ್ನಲ್ಲ, ಕಾಣುವುದನ್ನು."

ಭೂಮಿ ತಲೆ ವಾಲಿಸಿ ನೋಡಿದಳು. ಎರಡು ಕಪ್ಪು ಅರಳಿ ಎಲೆಗಳು, ಅವುಗಳ ಮೇಲೆ ಚಾಪೆಯ ಕಡ್ಡಿಗಳಂತೆ ಓರೆಯಾಗಿ ಬಿದ್ದ ಬಿಳಿಯ ಗೆರೆಗಳು, ನಡುವೆ ಒಂದು ಕಡೆಗೆ ವಾಲಿದ ಮಾವಿನಕಾಯಿ. ಸರೋಜಮ್ಮನಿಗೆ ಮಾವಿನಕಾಯಿ ಬಹಳ ಹಿಡಿಸಿತು. ಅದು ಹೃದಯವೆಂದೂ, ಅದರ ಅಗಲ ಎದೆಗೂಡಿನ ಅಗಲದ ಅರ್ಧವನ್ನು ಮೀರಬಾರದೆಂದೂ ಹೇಳಿ, ಹೂಕಟ್ಟುವ ದಾರದಿಂದ ಅಳೆದು ತೋರಿಸಿದರು.

"ಆದರೆ ಅದು ನನ್ನ ಬಲಗಡೆ ಇದೆಯಲ್ಲ?"

"ನಿನಗೆ ಬಲ. ಅವರು ನಿನ್ನ ಎದುರಿಗೆ ನಿಂತಿದ್ದಾರೆ ಅಂದುಕೋ. ಅವರಿಗೆ ಅದು ಎಡ. ಇಲ್ಲಿ ನೋಡು, ಸೀಸದ ‘ಆರ್’ ಅಕ್ಷರ ಇಟ್ಟಿದ್ದೇನೆ, ಅದು ಅವರ ಬಲಗೈ ಕಡೆ. ಈ ಅಕ್ಷರ ಮರೆತರೆ ಡಾಕ್ಟರ ಕೈಯಲ್ಲಿ ಬೈಸಿಕೊಳ್ಳುವುದು ಖಂಡಿತ."

ಕಪ್ಪು ಬಿಳುಪಿನ ಲೆಕ್ಕವನ್ನು ಹುಡುಗಿ ಬೇಗ ಹಿಡಿದಳು. ಗೋಡೆಯ ಮೇಲೆ ಬೀಳುವ ನೆರಳು ಕಪ್ಪು. ಇಲ್ಲಿ ಕಿರಣವನ್ನು ತಡೆದ ಮೂಳೆಯ ನೆರಳು ಬಿಳಿ, ಕಿರಣ ಸಲೀಸಾಗಿ ದಾಟಿಹೋದ ಗಾಳಿಯ ಜಾಗ ಕಪ್ಪು, ಮಾಂಸ ಇವೆರಡರ ನಡುವಿನ ಬೂದಿ. ಅಂಗೈಯ ಫಿಲ್ಮೊಂದರಲ್ಲಿ ಮಣಿಕಟ್ಟಿನ ಬಳಿ ನಾಲ್ಕೇ ನಾಲ್ಕು ಬೆಣಚುಕಲ್ಲುಗಳನ್ನು ಎಣಿಸಿದಾಗ, ದೊಡ್ಡವರಿಗೆ ಅಲ್ಲಿ ಎಂಟು ಇರುತ್ತವೆ, ಇದು ಮೂರು ನಾಲ್ಕು ವರ್ಷದ ಮಗುವಿನ ಕೈ ಎಂದು ಸರೋಜಮ್ಮ ವಿವರಿಸಿದರು. ಭೂಮಿ ತನ್ನ ಮಣಿಕಟ್ಟನ್ನು ಹಿಚುಕಿ ನೋಡಿಕೊಂಡಳು. ಅವಳಿಗೆ ಏಳು ಬಂದಿರಬಹುದು, ಎಂಟನೆಯದು ಇನ್ನೂ ದಾರಿಯಲ್ಲಿದ್ದೀತು ಎಂದು ಕೇಳಿ, ಯಾರೋ ನೆಂಟರು ಬರುವವರಿದ್ದಾರೆಂಬಂತೆ ಖುಷಿಪಟ್ಟಳು.

ಮುಂದಿನದು ನಾಣ್ಯ ನುಂಗಿದ ಮಗುವಿನದು, ಎರಡು ಹಾಳೆ. ಮುಂದಿನಿಂದ ತೆಗೆದದ್ದರಲ್ಲಿ ಗಂಟಲಿನ ಕೆಳಗೆ ಹುಣ್ಣಿಮೆಯ ಚಂದ್ರ. ಪಕ್ಕದಿಂದ ತೆಗೆದದ್ದರಲ್ಲಿ ಬರಿಯ ಒಂದು ಗೆರೆ.

"ಎರಡೂ ಒಂದೇ ನಾಲ್ಕಾಣೆ. ಒಂದೇ ಕಡೆಯಿಂದ ನೋಡಿದರೆ ಅದು ಚೆಂಡೋ ಬಿಲ್ಲೆಯೋ ಗೊತ್ತಾಗುವುದಿಲ್ಲ. ಮುಂದೆ ಇರುವುದು, ಹಿಂದೆ ಇರುವುದು ಎಲ್ಲ ಒಂದೇ ಹಾಳೆಯ ಮೇಲೆ ಬಂದು ಕೂರುತ್ತದೆ, ಪುಟ್ಟಿ."

ಕಟ್ಟಿನ ಕೊನೆಯಲ್ಲಿದ್ದ ಲಕೋಟೆಯನ್ನು ಸರೋಜಮ್ಮ ಪಕ್ಕಕ್ಕೆ ಸರಿಸಿದ್ದರು. ಅವರು ಕುಕ್ಕರಿನ ಕೂಗಿಗೆ ಎದ್ದು ಒಲೆಯ ಬಳಿ ಹೋದಾಗ ಭೂಮಿ ಅದನ್ನೂ ತೆಗೆದು ಕಿಟಕಿಗೆ ಹಿಡಿದಳು. ಮತ್ತೊಂದು ಎದೆ. ಫಿಕ್ಸರ್ ಸರಿಯಾಗಿ ತೊಳೆದುಹೋಗದೆ ಒಂದಂಚು ಹಳದಿಗಟ್ಟಿತ್ತು. ಎಲೆಗಳು, ಚಾಪೆಯ ಕಡ್ಡಿಗಳು, ಮಾವಿನಕಾಯಿ, ‘ಆರ್’ ಅಕ್ಷರ. ಆ ಅಕ್ಷರದ ಕಡೆಯ ಭುಜದಿಂದ ಎಲೆಯ ತುದಿಗೆ ಇಳಿದಂತೆ ಒಂದು ಮಸುಕು ಬಿಳುಪು.

"ಅಜ್ಜಿ, ಇವರದು ಜಡೆ!"

ಸರೋಜಮ್ಮ ಸೌಟು ಹಿಡಿದೇ ತಿರುಗಿದರು. "ಏನಂದೆ?"

"ಜಡೆ. ಇಲ್ಲಿ ನೋಡು, ಒಂದರ ಮೇಲೊಂದು ಹೆಣೆದಿದೆ. ನನ್ನದೇ ಥರ."

ಅವರು ಹತ್ತಿರ ಬಂದರು. ಕನ್ನಡಕ ಹಾಕಿಕೊಳ್ಳುವ ಅಗತ್ಯವಿರಲಿಲ್ಲ; ಆ ಮಸುಕಿನ ಪ್ರತಿ ಮಡಿಕೆಯೂ ಅವರಿಗೆ ಬಾಯಿಪಾಠವಾಗಿತ್ತು. 1984ರ ಒಂದು ಸೋಮವಾರ, ಸಂತೆಯ ದಿನ, ಬಾಗಿಲಿನಾಚೆ ಅರವತ್ತು ಜನರ ಸಾಲು. ಕರಿಮಣಿ ತೆಗೆಯಲು ಒಲ್ಲೆನೆಂದ ಆ ಹೆಂಗಸನ್ನು ಒಪ್ಪಿಸುವಷ್ಟರಲ್ಲಿ ಹತ್ತು ನಿಮಿಷ ಹೋಗಿತ್ತು, ಆ ಗಡಿಬಿಡಿಯಲ್ಲಿ ಬೆನ್ನ ಮೇಲಿನ ಒದ್ದೆ ಜಡೆಯನ್ನು ಎತ್ತಿ ಕಟ್ಟಿಕೊಳ್ಳಲು ಹೇಳಿರಲಿಲ್ಲ. ಕಫದಲ್ಲಿ ಏನೂ ಸಿಗದಿದ್ದರೂ ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಕಲೆಯಿದೆ ಎಂದು ಡಾಕ್ಟರು ಕ್ಷಯಕ್ಕೆ ಔಷಧಿ ಬರೆದರು. ಎರಡು ತಿಂಗಳಾದ ಮೇಲೆ ಮತ್ತೆ ಬಂದಾಗ ಅವಳು ತುರುಬು ಕಟ್ಟಿದ್ದಳು, ಕಲೆ ಮಾಯವಾಗಿತ್ತು. ಔಷಧಿ ಹಿಡಿಯಿತೆಂದು ಎಲ್ಲರಿಗೂ ಸಂತೋಷ. ಎರಡು ಹಾಳೆಗಳನ್ನೂ ಅಕ್ಕಪಕ್ಕ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದವರು ಸರೋಜಮ್ಮ ಒಬ್ಬರೇ.

"ಆಮೇಲೆ?" ಎಂದಳು ಭೂಮಿ. ಇಷ್ಟನ್ನೂ ತಾವು ಬಾಯಿಬಿಟ್ಟು ಹೇಳುತ್ತಿದ್ದರೆಂಬುದು ಆಗಲೇ ಅವರಿಗೆ ಗೊತ್ತಾದದ್ದು.

"ಎಂಟು ದಿನ ಸುಮ್ಮನಿದ್ದೆ. ಆಮೇಲೆ ಡಾಕ್ಟರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಔಷಧಿ ನಿಲ್ಲಿಸಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು."

"ಅವರಿಗೇನಾಯಿತು?"

"ಕಾಯಿಲೆಯವಳೆಂದು ಗಂಡನ ಮನೆಯವರು ಆಗಲೇ ತವರಿಗೆ ಕಳಿಸಿಬಿಟ್ಟಿದ್ದರು. ಕೂಸನ್ನು ಮಾತ್ರ ಇಟ್ಟುಕೊಂಡಿದ್ದರು. ನಾನು ಆ ಮನೆಗೆ ಹೋಗಿ ಹೇಳಿಬಂದೆ. ಮಾಡಿದ್ದು ಅಷ್ಟೇ."

ಭೂಮಿ ಹಾಳೆಯನ್ನು ಮತ್ತೆ ನೋಡಿದಳು. "ಇಷ್ಟು ಚೆನ್ನಾಗಿ ಕಾಣುತ್ತದಲ್ಲ, ಅಜ್ಜಿ. ಡಾಕ್ಟರಿಗೆ ಯಾಕೆ ಕಾಣಲಿಲ್ಲ?"

"ಅವರು ಕಲೆ ಹುಡುಕುತ್ತಿದ್ದರು."

ಸ್ವಲ್ಪ ಹೊತ್ತು ಬಿಟ್ಟು ಹುಡುಗಿ ತನ್ನ ಜಡೆಯನ್ನು ಎರಡೂ ಕೈಯಿಂದ ಎತ್ತಿ ನೆತ್ತಿಯ ಮೇಲೆ ಸುತ್ತಿಕೊಂಡು, ಬೀರುವಿಗೆ ಎದೆಯೊತ್ತಿ ನಿಂತಳು. ಹೇಗೆ ನಿಲ್ಲಬೇಕೆಂದು ಕೇಳಿದಳು. ಸರೋಜಮ್ಮ ಸೌಟನ್ನು ಕೆಳಗಿಟ್ಟು, ಸೆರಗಿನ ಪಿನ್ನಿನಿಂದ ಜಡೆಯನ್ನು ಭದ್ರಪಡಿಸಿ, ಅವಳ ಗಲ್ಲವನ್ನು ಮೇಲೆತ್ತಿ, ಕೈಗಳನ್ನು ಸೊಂಟದ ಹಿಂಬದಿಗಿಟ್ಟು, ರೆಕ್ಕೆಮೂಳೆಗಳು ಶ್ವಾಸಕೋಶದ ಮೇಲಿಂದ ಸರಿಯುವಂತೆ ಎರಡೂ ಭುಜಗಳನ್ನು ಮುಂದಕ್ಕೆ ತಳ್ಳಿದರು. ಮೂರು ಹೆಜ್ಜೆ ಹಿಂದೆ ಸರಿದು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ."

ಒಲೆಯ ಮೇಲೆ ಸಾರು ಕುದಿಯತೊಡಗಿತು. ಬೀರುವಿನ ಕಡೆಯಿಂದ ಒಂದು ಕೈ ನಿಧಾನವಾಗಿ ಮೇಲೆದ್ದು ಆಡಿತು.

"ಬಿಡಿ," ಎಂದರು ಸರೋಜಮ್ಮ.