ಟ್ಯಾಲಿ–ಜಿಎಸ್‌ಟಿ ಕೋರ್ಸಿನ ಸಬ್‌ಟೈಟಲ್ ಬಗ್ಗೆ ದೂರು

ದಾವಣಗೆರೆ
9 ಫೆಬ್ರವರಿ 2026

ಗೆ,
ಗ್ರಾಹಕ ದೂರು ಅಧಿಕಾರಿಗಳು,
ಆನ್‌ಲೈನ್ ಕೋರ್ಸ್ ವಿಭಾಗ,
ಬೆಂಗಳೂರು

ವಿಷಯ: ‘ಕನ್ನಡದಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ’ ಕೋರ್ಸಿನ ಕೆಲವು ಪಾಠಗಳಿಗೆ ಸಬ್‌ಟೈಟಲ್ ಇಲ್ಲದಿರುವುದು, ಉಳಿದವುಗಳಲ್ಲಿ ತಪ್ಪಾಗಿರುವುದು (ಆರ್ಡರ್ ನಂಬರ್ 20417)

ಮಾನ್ಯರೇ,

ನನಗೆ ಕಿವಿ ಕೇಳಿಸುವುದಿಲ್ಲ. ಹಿಯರಿಂಗ್ ಏಡ್ ಹಾಕಿಕೊಂಡರೂ ಬರೀ ಗದ್ದಲ ಬರುತ್ತದೆ, ಮಾತು ತಿಳಿಯುವುದಿಲ್ಲ. ಇಲ್ಲಿನ ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಳೆದ ನವೆಂಬರ್‌ನಲ್ಲಿ 6,499 ರೂಪಾಯಿ ಕಟ್ಟಿ ನಿಮ್ಮ ಕೋರ್ಸಿಗೆ ಸೇರಿದೆ. ಇಂಥ ಕೋರ್ಸುಗಳು ಬೇಕಾದಷ್ಟಿವೆ. ನಿಮ್ಮದನ್ನೇ ಆರಿಸಿಕೊಂಡಿದ್ದು ಕೋರ್ಸ್ ಪೇಜಿನಲ್ಲಿ ‘ಎಲ್ಲ ಪಾಠಗಳಿಗೂ ಕನ್ನಡ ಸಬ್‌ಟೈಟಲ್’ ಎಂದು ಬರೆದಿದ್ದೀರಿ ಅನ್ನುವ ಕಾರಣಕ್ಕೆ. ಪಕ್ಕದಲ್ಲಿ CC ಗುರುತೂ ಇದೆ. ಆ ಪೇಜಿನ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ಕೋರ್ಸಿನಲ್ಲಿ 64 ಪಾಠಗಳಿವೆ. 44ರಿಂದ 58ರವರೆಗೆ, ಅಂದರೆ ಬ್ಯಾಂಕ್ ರೀಕನ್ಸಿಲಿಯೇಷನ್ ಮತ್ತು ಪೇರೋಲ್ ಪೂರ್ತಿ, ಸಬ್‌ಟೈಟಲ್ ಇಲ್ಲವೇ ಇಲ್ಲ. CC ಬಟನ್ ಒತ್ತಿದರೆ ಏನೂ ಬರುವುದಿಲ್ಲ. ಪಾಠ 31ಕ್ಕೆ ಬರುತ್ತದೆ, ಆದರೆ ಅದು ಪಾಠ 30ರದ್ದು. ಸರ್ ಪರ್ಚೇಸ್ ಎಂಟ್ರಿ ತೋರಿಸುತ್ತಿರುತ್ತಾರೆ, ಕೆಳಗೆ ಸೇಲ್ಸ್ ಪಾಠ ಓಡುತ್ತಿರುತ್ತದೆ. ಭಾನುವಾರದ ಲೈವ್ ಡೌಟ್ ಕ್ಲಾಸಿಗೂ ಇಲ್ಲ, ಅದರ ರೆಕಾರ್ಡಿಂಗಿಗೂ ಇಲ್ಲ. ತುಟಿ ನೋಡಿ ಅರ್ಥ ಮಾಡಿಕೊಳ್ಳೋಣ ಅಂದರೆ ಸರ್ ಮುಖ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಾಣುತ್ತದೆ, ಅದೂ ಮೈಕಿನ ಹಿಂದೆ.

ಇಷ್ಟೇ ಆಗಿದ್ದರೆ ಕಾಗದ ಇಲ್ಲಿಗೇ ಮುಗಿಯುತ್ತಿತ್ತು. ಇಲ್ಲದ್ದನ್ನು ಹಾಕಿ ಎಂದು ಕೇಳಿ ಸುಮ್ಮನಾಗುತ್ತಿದ್ದೆ. ದೊಡ್ಡ ತೊಂದರೆ ಇರುವುದು ಸಬ್‌ಟೈಟಲ್ ಇರುವ ಪಾಠಗಳಲ್ಲಿ.

ಪಾಠ 18ರಲ್ಲಿ ಸರ್ ಹೊಸ ಲೆಡ್ಜರ್ ತೆರೆಯುವುದನ್ನು ಹೇಳಿಕೊಡುತ್ತಾರೆ. ಕೆಳಗೆ ಬರುವುದು ‘ಲೆದರ್ ಕ್ರಿಯೇಟ್ ಮಾಡಿ, ಸಂಡೇ ಡಾಕ್ಟರ್ಸ್ ಕೆಳಗೆ ಹಾಕಿ’ ಎಂದು. ಟ್ಯಾಲಿ ತೆರೆಯಲ್ಲಿ Sundry Debtors ಅಂತ ಕಾಣುತ್ತಿತ್ತು, ಹಾಗಾಗಿ ತಿಳಿಯಿತು. ನಗುವೂ ಬಂತು. ಜರ್ನಲ್ ಎಂಟ್ರಿ ಎಲ್ಲ ಕಡೆ ‘ಜನರಲ್ ಎಂಟ್ರಿ’ ಆಗಿದೆ. ಅದನ್ನೂ ಸರ್ F7 ಒತ್ತುವುದು ನೋಡಿ ಸರಿಮಾಡಿಕೊಂಡೆ. ಇಂಥವನ್ನು ಹೇಗೋ ಸಹಿಸಬಹುದು.

ಪಾಠ 41 ಹಾಗಲ್ಲ. ಅಲ್ಲಿ GSTR-3B ಯಾವಾಗ ಹಾಕಬೇಕು ಅನ್ನುವ ಮಾತು ಬರುತ್ತದೆ. ಸಬ್‌ಟೈಟಲ್ ಹೀಗಿದೆ: ‘ಮುಂದಿನ ತಿಂಗಳ ಇಪ್ಪತ್ತೊಂದು ದಿನ ತಡವಾದರೂ ಲೇಟ್ ಫೀ’. ಓದಿದವರಿಗೆ ಇಪ್ಪತ್ತೊಂದು ದಿನ ತಡವಾದರೆ ಮಾತ್ರ ಫೀ ಎಂದೇ ಅನ್ನಿಸುತ್ತದೆ, ಅಲ್ವಾ? ನಮ್ಮ ಅಂಗಡಿಯ ರಿಟರ್ನ್ ಪ್ರತಿ ತಿಂಗಳು 20ರೊಳಗೆ ಹೋಗುವುದು ನನಗೆ ಗೊತ್ತಿತ್ತು. ಅದಕ್ಕೇ ಅನುಮಾನ ಬಂತು. ಸಂಕ್ರಾಂತಿಗೆ ಮನೆಗೆ ಬಂದಿದ್ದ ತಂಗಿಯನ್ನು ಕೂರಿಸಿಕೊಂಡು ಆ ಜಾಗ ಕೇಳಿಸಿದೆ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಸರ್ ಹೇಳಿದ್ದು ‘ಮುಂದಿನ ತಿಂಗಳ ಇಪ್ಪತ್ತು. ಒಂದು ದಿನ ತಡವಾದರೂ ಲೇಟ್ ಫೀ’ ಎಂದು. ನಡುವಿನ ಚುಕ್ಕಿ ಬಿಟ್ಟುಹೋಗಿ ಎರಡು ಮಾತು ಒಂದಾಗಿದೆ. ಲೇಟ್ ಫೀ ದಿನಕ್ಕೆ 50 ರೂಪಾಯಿ. ನಿಮ್ಮ ಸಬ್‌ಟೈಟಲ್ ನಂಬಿ ಇಪ್ಪತ್ತು ದಿನ ಸುಮ್ಮನೆ ಕೂತರೆ ಸಾವಿರ ರೂಪಾಯಿ ಹೋಗುತ್ತದೆ.

ಆಮೇಲೆ ತಂಗಿ ಇನ್ನೂ ಕೆಲವು ಪಾಠ ಕೇಳಿ, ಸರ್ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಳು. ಪಾಠ 37ಕ್ಕೆ ಬಂದಾಗ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಅಲ್ಲಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಾಠ. ಸರ್ ಹೇಳಿದ್ದು: ‘ಸ್ಟಾಫಿಗೆ ಹೋಟೆಲಿಂದ ಊಟ ತರಿಸಿದ ಬಿಲ್ ಇದ್ರೆ ಐಟಿಸಿ ಸಿಗೋದಿಲ್ಲ, ಬಿಟ್ಟುಬಿಡಿ.’ ಸಬ್‌ಟೈಟಲ್: ‘ಐಟಿಸಿ ಸಿಗೋದು, ಇಟ್ಟುಬಿಡಿ.’ ನಾನು ಅದನ್ನು ಹಾಗೇ ನನ್ನ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರ ಪ್ರಕಾರ ಊಟ ತಿಂಡಿಯ ಬಿಲ್ಲಿಗೆ ಸಾಮಾನ್ಯವಾಗಿ ಕ್ರೆಡಿಟ್ ಇಲ್ಲ. ತಪ್ಪಾಗಿ ತೆಗೆದುಕೊಂಡು ಬಳಸಿದರೆ ವಾಪಸ್ ಕಟ್ಟಬೇಕು, ಜೊತೆಗೆ ವರ್ಷಕ್ಕೆ 18% ಬಡ್ಡಿ. ಆ ನೋಟಿಸ್ ಬರುವುದು ನಮ್ಮ ಸಾಹುಕಾರರಿಗೆ. ಅವರು ಬೈಯುವುದು ನನಗೆ.

ಕನ್ನಡದಲ್ಲಿ ‘ಇಲ್ಲ’ ಮಾತಿನ ಕೊನೆಯಲ್ಲಿ ಬರುತ್ತದೆ. ಬೇಗ ಮಾತಾಡುವವರು ಅದನ್ನೇ ನುಂಗುತ್ತಾರೆ. ಸಾಫ್ಟ್‌ವೇರ್ ತಾನಾಗಿ ಬರೆದ ಸಬ್‌ಟೈಟಲನ್ನು ಯಾರೂ ಒಮ್ಮೆ ಓದದೆ ಹಾಗೇ ಹಾಕಿದರೆ ಮೊದಲು ಕಳೆದುಹೋಗುವುದು ಅದೇ. ಕಿವಿ ಕೇಳುವವರಿಗೆ ಸಬ್‌ಟೈಟಲ್ ತಪ್ಪಿದ್ದರೂ ಧ್ವನಿ ಇರುತ್ತದೆ. ನನಗೆ ಪಾಠ ಅಂದರೆ ಆ ಅಕ್ಷರಗಳೇ. ಸಬ್‌ಟೈಟಲ್ ಇಲ್ಲದಿದ್ದರೆ ಇಲ್ಲ ಎಂದಾದರೂ ಗೊತ್ತಾಗುತ್ತದೆ. ತಪ್ಪಿದ್ದರೆ ತಪ್ಪೆಂದು ತಿಳಿಯಲು ನನಗೆ ದಾರಿಯೇ ಇಲ್ಲ. ತಂಗಿ ಕೇಳದೇ ಇರುವ ಪಾಠಗಳಲ್ಲಿ ಏನೇನಿದೆಯೋ, ಅವನ್ನೆಲ್ಲ ಕಲಿತಿದ್ದೇನೆ ಎಂದು ಹೇಗೆ ಹೇಳಲಿ?

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಕಾಡುತ್ತದೆ. ಸಬ್‌ಟೈಟಲ್ ಬರುವುದು ವಿಡಿಯೋದ ತೀರಾ ಕೆಳಗೆ, ಕಪ್ಪು ಪಟ್ಟಿಯ ಮೇಲೆ. ಟ್ಯಾಲಿಯ ವೋಚರಿನಲ್ಲಿ Narration ಇರುವುದೂ ಅಲ್ಲೇ. ಸರ್ ಅಲ್ಲಿ ಏನು ಟೈಪ್ ಮಾಡಿದರೂ ಮುಚ್ಚಿಹೋಗುತ್ತದೆ. ಪಟ್ಟಿಯನ್ನು ಮೇಲೆ ಸರಿಸಲು ನಿಮ್ಮ ಪ್ಲೇಯರಿನಲ್ಲಿ ಅವಕಾಶವಿಲ್ಲ. ಕೆಲವು ಕಡೆ ಮೂರು ಸಾಲು ಒಟ್ಟಿಗೆ ಬಂದು ಓದುವಷ್ಟರಲ್ಲಿ ಮಾಯ.

ಇದನ್ನೆಲ್ಲ ನಿಮ್ಮ ಸಪೋರ್ಟ್ ವಿಭಾಗಕ್ಕೆ ಆಗಲೇ ಬರೆದಿದ್ದೆ. ಬಂದ ಉತ್ತರ: ‘ನಮ್ಮ ಪ್ರತಿನಿಧಿ ಫೋನ್ ಮಾಡಿದ್ದರು, ತಾವು ಸ್ವೀಕರಿಸಲಿಲ್ಲ, ಹಾಗಾಗಿ ಟಿಕೆಟ್ ಮುಚ್ಚಲಾಗಿದೆ.’ ಕಿವಿ ಕೇಳಿಸುವುದಿಲ್ಲ ಎಂದು ಬರೆದವಳಿಗೆ ಫೋನ್! ಮತ್ತೆ ಬರೆದಾಗ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿ ಎಂದರು. ಹಾಕಿ ನೋಡಿದೆ. ಅದೇ ತಪ್ಪು ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಿದ್ದಾರೆ, ಅಲ್ಲೂ ಭಾನುವಾರದ ಡಾಕ್ಟರುಗಳೇ. ಪಿಡಿಎಫ್ ನೋಟ್ಸ್ ಓದಿ ಎಂದೂ ಹೇಳಿದರು. ಅದರಲ್ಲಿ ಸ್ಲೈಡಿನ ಹೆಡ್ಡಿಂಗ್ ಬಿಟ್ಟರೆ ಜಾಸ್ತಿ ಏನಿಲ್ಲ. ಪಾಠದ ಕೊನೆಯ ಟೆಸ್ಟಿನಲ್ಲಿ ಮಾತ್ರ ‘ಸರ್ ಹೇಳಿದ ಉದಾಹರಣೆಯಂತೆ’ ಎಂದು ಪ್ರಶ್ನೆ ಕೇಳುತ್ತೀರಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 42 ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಕ್ಲೋಸ್ಡ್ ಕ್ಯಾಪ್ಷನ್ ಇರುವಂತೆ ನೋಡಿಕೊಳ್ಳಲು ಸರ್ಕಾರಕ್ಕೆ ಹೇಳುತ್ತದೆ. ಸೆಕ್ಷನ್ 46 ನೇರವಾಗಿ ಸೇವೆ ಕೊಡುವವರಿಗೇ ಸಂಬಂಧಿಸಿದ್ದು. ಸರ್ಕಾರಿ ಇರಲಿ ಖಾಸಗಿ ಇರಲಿ, ಸೇವೆ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಡಿಜಿಟಲ್ ಸೇವೆಗಳು ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ವೆಬ್‌ಸೈಟ್‌ಗಳಿಗೆ ಎಲ್ಲರೂ ಒಪ್ಪುವ WCAG ನಿಯಮಗಳಲ್ಲಿ ರೆಕಾರ್ಡ್ ಮಾಡಿದ ವಿಡಿಯೋಗೆ ಕ್ಯಾಪ್ಷನ್ ಇರಬೇಕೆನ್ನುವುದು ಮೊದಲ ಹಂತದಲ್ಲೇ, ಅಂದರೆ A ಹಂತದಲ್ಲೇ ಬರುತ್ತದೆ. ಇದೆಲ್ಲ ಪಕ್ಕಕ್ಕಿಟ್ಟರೂ, ಇದೆ ಎಂದು ಹೇಳಿ ಮಾರಿದ್ದನ್ನು ಕೊಡದಿರುವುದು ಗ್ರಾಹಕ ರಕ್ಷಣಾ ಕಾಯ್ದೆ 2019ರಲ್ಲಿ ಸೇವೆಯ ಕೊರತೆಯೇ.

ಈಗ ನನಗೆ ಬೇಕಾದ್ದು. ಹಣ ವಾಪಸ್ ಕೊಡುತ್ತೇವೆ ಎಂದು ಹೇಳಿ ಕೈ ತೊಳೆದುಕೊಳ್ಳಬೇಡಿ. ನನಗೆ ಪಾಠ ಬೇಕು, ಸರ್ಟಿಫಿಕೇಟ್ ಬೇಕು. ಮೊದಲು ಪಾಠ 37 ಮತ್ತು 41ರ ತಪ್ಪನ್ನು ಈ ವಾರವೇ ತಿದ್ದಿ, ಇವು ಬೇರೆಯವರ ರಿಟರ್ನನ್ನೂ ಕೆಡಿಸುವಂಥವು. ಸೇರಿರುವ ಎಲ್ಲರಿಗೂ ಆ ತಿದ್ದುಪಡಿಯನ್ನು ಮೇಲ್ ಮಾಡಿ. 44ರಿಂದ 58ರವರೆಗಿನ ಪಾಠಗಳಿಗೆ ಸಬ್‌ಟೈಟಲ್ ಹಾಕಿ, 31ಕ್ಕೆ ಅದರದ್ದೇ ಹಾಕಿ, ಉಳಿದವನ್ನು ಟ್ಯಾಲಿ ಗೊತ್ತಿರುವ ಒಬ್ಬರಿಂದ ಪೂರ್ತಿ ಓದಿಸಿ ತಿದ್ದಿಸಿ. ಇದು ನೀವು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ. ಸರ್ ಎದುರಿಗೆ ಸ್ಕ್ರಿಪ್ಟ್ ಇರುತ್ತದೆ. ಅವರ ಕಣ್ಣು ಎಡದಿಂದ ಬಲಕ್ಕೆ ಓಡುವುದು, ನಡುನಡುವೆ ಹಾಳೆ ತಿರುಗಿಸುವುದು ನನಗೆ ಕಾಣುತ್ತದೆ. ಮಾತು ಕೇಳಿಸದವರು ಇಂಥದ್ದನ್ನೆಲ್ಲ ನೋಡುತ್ತೇವೆ. ಆ ಹಾಳೆಗಳನ್ನು ಎದುರಿಗಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಲೈವ್ ಕ್ಲಾಸಿನಲ್ಲಿ ಯಾರಾದರೊಬ್ಬರು ಪ್ರಶ್ನೆ ಉತ್ತರಗಳನ್ನು ಚಾಟಿನಲ್ಲಿ ಟೈಪ್ ಮಾಡಿದರೂ ಸದ್ಯಕ್ಕೆ ಸಾಕು. ಹುಟ್ಟಿನಿಂದಲೇ ಕಿವಿ ಕೇಳಿಸದ ನನ್ನ ಕೆಲವು ಸ್ನೇಹಿತರಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಕನ್ನಡ ಓದುವುದು ಅಷ್ಟು ಸಲೀಸಲ್ಲ. ಅವರಿಗೆ ಸಬ್‌ಟೈಟಲ್ ಒಂದೇ ಸಾಲದು. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

ನನ್ನ ಕೋರ್ಸಿನ ಅವಧಿ ಮೇ 14ಕ್ಕೆ ಮುಗಿಯುತ್ತದೆ. ಸಬ್‌ಟೈಟಲ್ ಸರಿಯಾದ ದಿನದಿಂದ ಆರು ತಿಂಗಳು ಅವಧಿ ಕೊಡಿ. ಪಾಠ 37ರ ಟೆಸ್ಟನ್ನು ಮತ್ತೆ ಬರೆಯಲು ಬಿಡಿ. ಎಲ್ಲ ಸರಿಯಾಗುವವರೆಗೆ ಕೋರ್ಸ್ ಪೇಜಿನಿಂದ ‘ಎಲ್ಲ ಪಾಠಗಳಿಗೂ’ ಎಂಬ ಮಾತು ತೆಗೆಯಿರಿ, ಇನ್ನೊಬ್ಬರು ಅದನ್ನು ನಂಬಿ ಹಣ ಕಟ್ಟುವುದು ಬೇಡ.

ಇ-ಕಾಮರ್ಸ್ ನಿಯಮಗಳು 2020ರ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರ್ಚ್ 9ರವರೆಗೆ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೋಗುತ್ತೇನೆ. 1915ಕ್ಕೆ ಫೋನ್ ಮಾಡಲು ನನಗಾಗದು, ಆದರೆ ಅವರ ವೆಬ್‌ಸೈಟಿನಲ್ಲಿ ಬರೆದು ಕೊಡಬಹುದು. ರಾಜ್ಯದ ಅಂಗವಿಕಲರ ಹಕ್ಕುಗಳ ಆಯುಕ್ತರಿಗೂ ಒಂದು ಪ್ರತಿ ಕಳಿಸುತ್ತೇನೆ.

ಉತ್ತರವನ್ನು ಮೇಲ್‌ನಲ್ಲೇ ಕಳಿಸಿ. ದಯವಿಟ್ಟು ಫೋನ್ ಮಾಡಬೇಡಿ.

ಇಂತಿ,
ಸುಧಾ ಆರ್.

ಲಗತ್ತು: ಹಣ ಕಟ್ಟಿದ ರಸೀದಿ, ಕೋರ್ಸ್ ಪೇಜಿನ ಸ್ಕ್ರೀನ್‌ಶಾಟ್, ಪಾಠ 18, 31, 37, 41ರ ಸಬ್‌ಟೈಟಲ್ ಸ್ಕ್ರೀನ್‌ಶಾಟ್‌ಗಳು, ಸರ್ ನಿಜವಾಗಿ ಹೇಳಿದ್ದು ಪಕ್ಕದಲ್ಲಿ, ಸಪೋರ್ಟ್ ವಿಭಾಗದ ಮೇಲ್‌ಗಳು, ಯುಡಿಐಡಿ ಕಾರ್ಡಿನ ಪ್ರತಿ