ಬೆಳಗ್ಗೆ ಎಂಟಕ್ಕೆ ‘ಊಟ ಆಯ್ತಾ?’

ನನ್ನ ಮಗಳು ಚಿನ್ನುಗೆ ಆಗ ಆರು ವರ್ಷ. ಮನೆಯೊಳಗೆ ಮಾತಿನ ಮಲ್ಲಿ, ಹೊಸಿಲು ದಾಟಿದರೆ ಬಾಯೇ ಇಲ್ಲ. ಯಾರಾದರೂ ಹೆಸರು ಕೇಳಿದರೂ ಸಾಕು, ನನ್ನ ದುಪಟ್ಟಾದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯ ಹಳೇ ಚಾಳಿನಲ್ಲಿ, ಎರಡನೇ ಮಾಳಿಗೆ. ಮಳೆಗಾಲದ ಹೊತ್ತಿಗೆ ಪಕ್ಕದ ಖೋಲಿಗೆ ಗದಗದ ಕಡೆಯ ಅಜ್ಜಿಯೊಬ್ಬರು ಬಂದರು. ಮಗ, ಸೊಸೆ ಇಬ್ಬರೂ ಏಳು ಗಂಟೆಗೇ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿ. ಅಜ್ಜಿಗೆ ಮರಾಠಿ ಬರುವುದಿಲ್ಲ, ಹಿಂದಿಯೂ ಇಲ್ಲ. ದಿನವಿಡೀ ಗ್ಯಾಲರಿಯಲ್ಲಿ ಕೂತು ಪಾರಿವಾಳಗಳ ಜೊತೆ ಮಾತಾಡುತ್ತಿದ್ದರು. ನಾನು ಮಾತಾಡಿಸಿದೆ. ‘ನಮಸ್ತೆ ಹೇಳು ಪುಟ್ಟಾ’ ಅಂದದ್ದೇ ತಡ, ಚಿನ್ನು ಒಳಗೆ ಓಡಿದಳು. ಹಾಗೆ ಎಲ್ಲರೆದುರು ಒತ್ತಾಯ ಮಾಡಬಾರದಿತ್ತು, ತಪ್ಪು ನನ್ನದೇ.

ರಾತ್ರಿ ಮಲಗಿದಾಗ ಕೇಳಿದಳು, “ಅಮ್ಮಾ, ಆ ಅಜ್ಜಿಗೆ ನಮ್ಮನೆ ಭಾಷೆ ಹೇಗೆ ಗೊತ್ತು?”

ಕನ್ನಡ ಅಂದರೆ ನಾನು, ಅವಳಪ್ಪ, ಫೋನಿನಲ್ಲಿ ಬರುವ ಕುಂದಾಪುರದ ಅಮ್ಮಮ್ಮ, ಇಷ್ಟೇ ಜನ ಆಡುವುದು ಅಂದುಕೊಂಡಿದ್ದಳು ಪಾಪ.

ಮಾರನೇ ದಿನ ಬೆಳಗ್ಗೆ ಎಂಟು ಗಂಟೆ. ನಾನು ಡಬ್ಬಿಗೆ ಚಪಾತಿ ಲಟ್ಟಿಸುತ್ತಿದ್ದೆ. ಅಜ್ಜಿ ಹೊರಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಚಿನ್ನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ಕಾಲು ಹೊರಗೆ, ಮತ್ತೆ ಒಳಗೆ. ನಾನು ಸುಮ್ನೆ ಇದ್ದೆ, ಲಟ್ಟಣಿಗೆ ಸದ್ದೂ ಮಾಡದೆ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಟ್ಟಳು:

“ಅಜ್ಜೀ, ಊಟ ಆಯ್ತಾ?”

ನಾನು ಅಮ್ಮನಿಗೆ ಫೋನ್ ಮಾಡಿದಾಗೆಲ್ಲ ಮೊದಲು ಕೇಳುವುದು ಅದನ್ನೇ ಅಲ್ವಾ, ಕಲಿತದ್ದು ಅಲ್ಲಿಂದ.

ಅಜ್ಜಿ ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಅಷ್ಟು ಪ್ರೀತಿ. ಮೊರ ಕೆಳಗಿಟ್ಟು, ದೊಡ್ಡವರಿಗೆ ಹೇಳುವ ಹಾಗೇ ಹೇಳಿದರು, “ಇನ್ನಾ ಇಲ್ಲವಾ. ನಿಂದಾತೇನು?”

“ಇಲ್ಲ.”

“ಹಂಗಾರ ಬಾ, ಕೂಡೇ ಉಣ್ಣೂಣು.”

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನನ್ನ ದೋಸೆ ಮುಟ್ಟದವಳು ಅಲ್ಲಿ ಒಂದಿಡೀ ರೊಟ್ಟಿ ತಿಂದಳು.

ಆವತ್ತಿನಿಂದ ಸ್ಕೂಲಿಂದ ಬಂದವಳು ಬ್ಯಾಗ್ ಎಸೆದು ಸೀದಾ ಅಲ್ಲಿಗೇ. ನಮ್ಮ ಮನೆಯ ನೀರುಳ್ಳಿ ಅಜ್ಜಿಗೆ ಉಳ್ಳಾಗಡ್ಡಿ, ಕೆಳಗೆ ಗಾಡಿಯವನಿಗೆ ಕಾಂದಾ. ಒಂದಕ್ಕೇ ಮೂರು ಹೆಸರು ಅಂತ ಚಿನ್ನುಗೆ ಎಷ್ಟು ಖುಷಿ! ಅಜ್ಜಿಗೆ ಅವಳೇ ಮರಾಠಿ ಟೀಚರ್.

ಈಗ ಭಾಜಿಯವನು ಕೂಗಿದರೆ ಇಬ್ಬರೂ ಗ್ಯಾಲರಿಯ ಕಟಕಟೆಗೆ ಓಡುತ್ತಾರೆ. ಅಜ್ಜಿ ಕಿವಿಯಲ್ಲಿ ಮೆಲ್ಲಗೆ “ಉಳ್ಳಾಗಡ್ಡಿ, ಅರ್ಧಾ ಕಿಲೋ” ಅಂತಾರೆ. ಹೆಸರು ಕೇಳಿದರೂ ಬಾಯಿ ಬಿಡದಿದ್ದ ನನ್ನ ಮಗಳು ಇಡೀ ಚಾಳಿಗೆ ಕೇಳುವ ಹಾಗೆ ಕೂಗುತ್ತಾಳೆ:

“ಭಾವೂ, ಅರ್ಧಾ ಕಿಲೋ ಕಾಂದಾ!”