ಅಡಗಿರುವ ನಮೂದಿತ ಬೆಲೆ: ಒಂದರ ಮೇಲೊಂದು ರಿಯಾಯಿತಿ ಮತ್ತು ಲಾಭದ ಲೆಕ್ಕಗಳು

ರೈಲ್ವೆ ಮತ್ತು ಗ್ರಾಮೀಣ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ ಅಭ್ಯಾಸದ ಹಾಳೆ

ಈ ಹಾಳೆಯ ಯಾವ ಲೆಕ್ಕದಲ್ಲೂ ನಮೂದಿತ ಬೆಲೆಯನ್ನು ಕೊಟ್ಟಿಲ್ಲ. ಅಂಗಡಿಯವರು ಚೀಟಿಯ ಮೇಲೆ ಎಷ್ಟು ಬರೆದಿದ್ದಾರೆ ಅಂತ ಗೊತ್ತಿಲ್ಲದೆಯೇ ಶುರು ಮಾಡಬೇಕು. ಹೆದರಬೇಡಿ. ಗೊತ್ತಿಲ್ಲದ ಆ ಬೆಲೆಗೆ x ಅಂತ ಹೆಸರಿಡಿ. ಆಮೇಲೆ ಮಾರಿದ ಬೆಲೆಯನ್ನು ಎರಡು ಸಲ ಬರೆಯಿರಿ: ಒಮ್ಮೆ ನಮೂದಿತ ಬೆಲೆಯಿಂದ ರಿಯಾಯಿತಿ ಕಳೆಯುತ್ತಾ, ಇನ್ನೊಮ್ಮೆ ಅಸಲು ಬೆಲೆಗೆ ಲಾಭ ಸೇರಿಸುತ್ತಾ. ಎರಡೂ ಒಂದೇ ಬೆಲೆ ಅಲ್ವಾ? ನಡುವೆ ಸಮ ಚಿಹ್ನೆ ಹಾಕಿದರೆ ಸಮೀಕರಣ ಸಿದ್ಧ.

ನೆನಪಿಡಬೇಕಾದ ಮಾತು ಇದು: ಮೊದಲ ರಿಯಾಯಿತಿ ಯಾವಾಗಲೂ ನಮೂದಿತ ಬೆಲೆಯ ಮೇಲೆ, ಲಾಭ ಯಾವಾಗಲೂ ಅಸಲಿನ ಮೇಲೆ. ಎರಡನೇ ರಿಯಾಯಿತಿ ಮಾತ್ರ ಮೊದಲನೆಯದು ಕಳೆದು ಉಳಿದ ಬೆಲೆಯ ಮೇಲೆ. ಜಿಎಸ್‌ಟಿಯನ್ನು ಇಲ್ಲಿ ಪೂರ್ತಿ ಬಿಟ್ಟಿದ್ದೇವೆ.

ಲೆಕ್ಕ 1. ಆಷಾಢದ ಮಾರಾಟದಲ್ಲಿ ಒಂದು ಇಳಕಲ್ ಸೀರೆಗೆ ಮೊದಲು ಶೇ. 20, ಆಮೇಲೆ ಶೇ. 10 ರಿಯಾಯಿತಿ ಸಿಕ್ಕಿತು. ಗ್ರಾಹಕರು ಕೊಟ್ಟಿದ್ದು ₹2,160. ಚೀಟಿಯ ಮೇಲಿದ್ದ ಬೆಲೆ ಎಷ್ಟು?

ನಮೂದಿತ ಬೆಲೆ x ಆಗಿರಲಿ. ಶೇ. 20 ಕಳೆದರೆ ಉಳಿಯುವುದು 0.8x. ಅದರಲ್ಲಿ ಶೇ. 10 ಹೋದರೆ ಶೇ. 90 ಉಳಿಯುತ್ತದೆ.

0.9 × 0.8x = 2160
0.72x = 2160
x = 3000

ಉತ್ತರ ₹3,000. ಒಟ್ಟು ರಿಯಾಯಿತಿ ಶೇ. 28, ಶೇ. 30 ಅಲ್ಲ. ಶೇ. 20 ಮತ್ತು ಶೇ. 10 ಸೇರಿಸಿ 0.7x = 2160 ಅಂತ ಬರೆದವರಿಗೆ ₹3,085.71 ಬರುತ್ತದೆ. ಪರೀಕ್ಷೆಯ ಲೆಕ್ಕದಲ್ಲಿ ಬೆಲೆ ಹೀಗೆ ಪೈಸೆಗಳಲ್ಲಿ ಬಂದರೆ ಹಿಂದಿನ ಸಾಲನ್ನು ಇನ್ನೊಮ್ಮೆ ನೋಡಿ. ಇನ್ನೊಂದು ಮಾತು: ಮೊದಲು ಶೇ. 10, ಆಮೇಲೆ ಶೇ. 20 ಕೊಟ್ಟರೂ ಬೆಲೆ ಅಷ್ಟೇ. ಗುಣಾಕಾರದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕ 2. ಅಂಗಡಿಯವರು ಒಂದು ಮಿಕ್ಸಿಯನ್ನು ₹2,700ಕ್ಕೆ ತಂದರು. ಶೇ. 20 ಮತ್ತು ಶೇ. 10 ರಿಯಾಯಿತಿ ಕೊಟ್ಟ ಮೇಲೂ ಅವರಿಗೆ ಶೇ. 20 ಲಾಭ ಬಂತು. ನಮೂದಿತ ಬೆಲೆ ಎಷ್ಟು?

ನಮೂದಿತ ಬೆಲೆಯಿಂದ: 0.72x. ಅಸಲಿನಿಂದ: 1.2 × 2700 = 3240.

0.72x = 3240
x = 4500

₹4,500. ಇಲ್ಲಿ ರಿಯಾಯಿತಿಯಲ್ಲೂ ಶೇ. 20, ಲಾಭದಲ್ಲೂ ಶೇ. 20 ಇದೆ. ಒಂದಕ್ಕೊಂದು ವಜಾ ಆಗುತ್ತದೆ ಅಂದುಕೊಂಡರೆ ಲೆಕ್ಕ ಕೆಟ್ಟಿತು. ಒಂದು ₹4,500ರ ಶೇ. 20, ಇನ್ನೊಂದು ₹2,700ರ ಶೇ. 20.

ಲೆಕ್ಕ 3. ಒಬ್ಬ ವ್ಯಾಪಾರಿ ಶೇ. 10ರಂತೆ ಎರಡು ಸಲ ರಿಯಾಯಿತಿ ಕೊಡಬೇಕು, ಆದರೂ ಶೇ. 21.5 ಲಾಭ ಸಿಗಬೇಕು. ಅಸಲಿಗಿಂತ ಶೇಕಡಾ ಎಷ್ಟು ಜಾಸ್ತಿ ಬೆಲೆ ನಮೂದಿಸಬೇಕು?

ರೂಪಾಯಿ ಒಂದೂ ಇಲ್ಲ. ಅಸಲನ್ನು 100 ಅಂತ ಇಟ್ಟುಕೊಳ್ಳಿ, ಏಕೆಂದರೆ ಕೇಳಿರುವುದು ಅಸಲಿನ ಶೇಕಡಾ.

0.81x = 121.5
x = 150

ಉತ್ತರ ಶೇ. 50 ಜಾಸ್ತಿ.

ಲೆಕ್ಕ 4. ಒಂದು ಶಾಲಾ ಬ್ಯಾಗಿಗೆ ಶೇ. 40 ರಿಯಾಯಿತಿ ಒಂದೇ ಸಲ ಕೊಡುವ ಬದಲು ಶೇ. 30, ಆಮೇಲೆ ಶೇ. 10 ಕೊಟ್ಟಿದ್ದರಿಂದ ಅಂಗಡಿಗೆ ₹45 ಜಾಸ್ತಿ ಸಿಕ್ಕಿತು. ಲಾಭ ಶೇ. 5. ಅಸಲು ಬೆಲೆ ಎಷ್ಟು?

ಒಂದೇ ಸಲವಾದರೆ ಬೆಲೆ 0.6x. ಎರಡು ಸಲವಾದರೆ 0.9 × 0.7x = 0.63x.

0.63x − 0.6x = 45
0.03x = 45
x = 1500

ಮಾರಿದ ಬೆಲೆ 0.63 × 1500 = 945. ಇದು ಅಸಲಿನ 1.05 ಪಟ್ಟು. ಹಾಗಾಗಿ ಅಸಲು 945 ÷ 1.05 = ₹900. ಕೊನೆಯ ಹೆಜ್ಜೆಯಲ್ಲಿ ತುಂಬ ಜನ ಎಡವುತ್ತಾರೆ. ₹945ರಲ್ಲಿ ಶೇ. 5 ಕಳೆಯಬೇಡಿ, 1.05ರಿಂದ ಭಾಗಿಸಿ. ಲಾಭದ ಶೇ. 5 ಅಸಲಿನದು, ಮಾರಿದ ಬೆಲೆಯದಲ್ಲ.

ಲೆಕ್ಕ 5. ಶೇ. 20 ಮತ್ತು ಶೇ. 10 ರಿಯಾಯಿತಿ ಕೊಟ್ಟರೆ ಒಂದು ಫ್ಯಾನಿನ ಮೇಲೆ ₹80 ಲಾಭ. ಅದೇ ಫ್ಯಾನಿಗೆ ಶೇ. 20ರಂತೆ ಎರಡು ಸಲ ಕೊಟ್ಟರೆ ₹40 ನಷ್ಟ. ನಮೂದಿತ ಬೆಲೆ, ಅಸಲು ಬೆಲೆ ಎರಡನ್ನೂ ಹೇಳಿ.

ಈ ಹಾಳೆಯಲ್ಲಿ ನನಗೆ ತುಂಬ ಇಷ್ಟವಾದ ಲೆಕ್ಕ ಇದು. ಎರಡು ಬೆಲೆಯೂ ಅಡಗಿವೆ, ಶೇಕಡಾ ಲಾಭವನ್ನೂ ಕೊಟ್ಟಿಲ್ಲ. ನಮೂದಿತ ಬೆಲೆ x, ಅಸಲು y ಆಗಿರಲಿ.

0.72x − y = 80
0.64x − y = −40

ನಷ್ಟಕ್ಕೆ ಋಣ ಚಿಹ್ನೆ ಹಾಕುವುದನ್ನು ಮರೆಯಬೇಡಿ. ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. y ತಾನಾಗಿ ಹೋಗುತ್ತದೆ.

0.08x = 120
x = 1500

ಇದನ್ನು ಮೊದಲ ಸಮೀಕರಣದಲ್ಲಿ ಹಾಕಿ: 1080 − y = 80, ಅಂದರೆ y = 1000. ತಾಳೆ ನೋಡೋಣ. 0.64 × 1500 = 960. ಅದು ₹1,000ಕ್ಕಿಂತ ₹40 ಕಮ್ಮಿ. ಸರಿ ಇದೆ. ಒಂದು ಕಡೆ ₹80 ಲಾಭ, ಇನ್ನೊಂದು ಕಡೆ ₹40 ನಷ್ಟ. ನಡುವಿನ ಅಂತರ 80 + 40 = 120, 80 − 40 ಅಲ್ಲ. 120ರ ಬದಲು 40 ಬರೆದವರಿಗೆ x = 500 ಬರುತ್ತದೆ. ಆಗ ಮಾರಿದ ಬೆಲೆ ₹360, ಅಸಲು ₹280. ಸುಮ್ನೆ ನೋಡಿದರೆ ತಪ್ಪು ಕಾಣುವುದೇ ಇಲ್ಲ. ಎರಡನೇ ಸಮೀಕರಣದಲ್ಲಿ ಹಾಕಿದಾಗ ಮಾತ್ರ ₹320 ಬಂದು, ನಷ್ಟವಾಗಬೇಕಿದ್ದ ಕಡೆ ₹40 ಲಾಭ ಕಾಣುತ್ತದೆ. ಅದಕ್ಕೇ y ಕಂಡುಹಿಡಿಯಲು ಬಳಸದ ಸಮೀಕರಣದಲ್ಲಿ ತಾಳೆ ನೋಡಬೇಕು.

ಲೆಕ್ಕ 6. ಅಸಲಿಗಿಂತ ಶೇ. 60 ಜಾಸ್ತಿ ಬೆಲೆ ನಮೂದಿಸಿ, ಮೊದಲು ಶೇ. 25 ರಿಯಾಯಿತಿ ಕೊಟ್ಟರು. ಎರಡನೇ ರಿಯಾಯಿತಿಯ ನಂತರ ಲಾಭ ಶೇ. 8. ಎರಡನೇ ರಿಯಾಯಿತಿ ಎಷ್ಟು?

ಅಸಲು 100 ಆದರೆ ನಮೂದಿತ ಬೆಲೆ 160. ಶೇ. 25 ಕಳೆದರೆ 120. ಕೊನೆಗೆ 108. 120ರಲ್ಲಿ 12 ಹೋಗಿದೆ, ಅಂದರೆ ಶೇ. 10.

ನೀವೇ ಮಾಡಿ

ಅ) ಶೇ. 25 ಮತ್ತು ಶೇ. 20 ರಿಯಾಯಿತಿಯ ನಂತರ ಒಂದು ಸ್ವೆಟರ್ ₹1,260ಕ್ಕೆ ಮಾರಾಟವಾಯಿತು, ಲಾಭ ಶೇ. 20. ನಮೂದಿತ ಬೆಲೆ, ಅಸಲು ಬೆಲೆ ಎಷ್ಟು?

ಆ) ಶೇ. 35 ರಿಯಾಯಿತಿ ಒಂದೇ ಸಲ ಕೊಡುವುದಕ್ಕಿಂತ ಶೇ. 20, ಆಮೇಲೆ ಶೇ. 15 ಕೊಟ್ಟಾಗ ಬೆಲೆ ₹48 ಜಾಸ್ತಿ. ನಮೂದಿತ ಬೆಲೆ?

ಇ) ಶೇ. 20 ಮತ್ತು ಶೇ. 15 ರಿಯಾಯಿತಿಯ ನಂತರವೂ ಶೇ. 2 ಲಾಭ ಬರಬೇಕಾದರೆ ಅಸಲಿಗಿಂತ ಶೇಕಡಾ ಎಷ್ಟು ಜಾಸ್ತಿ ಬರೆಯಬೇಕು?

ಈ) ಶೇ. 10ರಂತೆ ಎರಡು ಸಲ ರಿಯಾಯಿತಿ ಕೊಟ್ಟರೆ ₹115 ಲಾಭ. ಶೇ. 10 ಮತ್ತು ಶೇ. 20 ಕೊಟ್ಟರೆ ₹20 ನಷ್ಟ. ಎರಡೂ ಬೆಲೆ ಹೇಳಿ.

ಉತ್ತರಗಳು: ಅ) ₹2,100, ₹1,050. ಆ) ₹1,600. ಇ) ಶೇ. 50. ಈ) ನಮೂದಿತ ಬೆಲೆ ₹1,500, ಅಸಲು ₹1,100.